ಬಾಯಿಬಿಡದ ಕತೆಗೆ ನಾಲ್ಕು ನಿಮಿಷ: ಜನಪದ ಕತೆಯೊಂದನ್ನು ಅನಿಮೇಷನ್ ಕಿರುಚಿತ್ರ ಮಾಡುವ ಬಗೆ

ಮೊದಲು ಕತೆ ಕೇಳಿ. ಇಡೀ ಮಾರ್ಗದರ್ಶಿ ಇದೊಂದೇ ಕತೆಯ ಮೇಲೆ ನಿಂತಿದೆ.

ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಕತೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೂ ಹಾಡಲಿಲ್ಲ. ಒಳಗೇ ಇದ್ದು ಅವೆರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕತೆ ಹೊರಗೆ ಬಿದ್ದು ಒಂದು ಜೊತೆ ಮೆಟ್ಟಾಗಿ ಬಾಗಿಲಾಚೆ ಕೂತಿತು. ಹಾಡು ಹೊರಬಂದು ಗಂಡಸಿನ ಕೋಟಿನಂತಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಮನೆಗೆ ಬಂದ. ಯಾರು ಬಂದಿದ್ದಾರೆ ಅಂದ. ಯಾರೂ ಇಲ್ಲ ಅಂದಳು. ಹಾಗಾದರೆ ಇವು ಯಾರವು? ಗೊತ್ತಿಲ್ಲ. ಜಗಳವಾಯಿತು. ಗಂಡ ಕಂಬಳಿ ಎತ್ತಿಕೊಂಡು ಹಣಮಪ್ಪನ ಗುಡಿಗೆ ಹೋಗಿ ಮಲಗಿದ. ಅವಳು ದೀಪ ಆರಿಸಿ ಒಬ್ಬಳೇ ಮಲಗಿದಳು. ಆ ಊರಲ್ಲಿ ಆರಿದ ದೀಪಗಳ ಕುಡಿಗಳೆಲ್ಲ ರಾತ್ರಿ ಅದೇ ಗುಡಿಗೆ ಬಂದು ಹರಟೆ ಹೊಡೆಯುವುದು ರೂಢಿ. ಅವತ್ತು ಒಂದು ಕುಡಿ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿತು. ಕಂಬಳಿಯೊಳಗೆ ಮಲಗಿದ್ದ ಗಂಡ ಕೇಳಿಸಿಕೊಂಡ, ಸಂಶಯ ಹೋಯಿತು. ಬೆಳಗಾಗುವ ಹೊತ್ತಿಗೆ ಮನೆಗೆ ಬಂದು ಹೆಂಡತಿಯನ್ನು ಆ ಕತೆಯ ಬಗ್ಗೆ, ಆ ಹಾಡಿನ ಬಗ್ಗೆ ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು. ಯಾವ ಕತೆ, ಯಾವ ಹಾಡು ಅಂದಳು.

ಅಷ್ಟೇ ಕತೆ. ಹೇಳಿದರೆ ಎರಡು ನಿಮಿಷ ಸಾಕು. ಚಿತ್ರ ಮಾಡಲು ಕೂತಾಗ ನಮಗೆ ಮೂವರಿಗೆ ಸುಮಾರು ಒಂದು ವರ್ಷ ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳು ಹೋದದ್ದು ಕೊನೆಯ ಸಾಲಿಗೆ.

ಕತೆ ಯಾರದು ಎಂದು ಮೊದಲೇ ತಿಳಿದುಕೊಳ್ಳಿ

ಜನಪದ ಕತೆ ಯಾರ ಸೊತ್ತೂ ಅಲ್ಲ, ನಿಜ. ಆದರೆ ಅದನ್ನು ಬರೆದಿಟ್ಟವರ ಮಾತುಗಳು, ಅದರಿಂದ ನಾಟಕ ಕಟ್ಟಿದವರ ಕಲ್ಪನೆಗಳು ಸೊತ್ತೇ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಈ ಕತೆಯನ್ನು ಇಂಗ್ಲಿಷಿಗೆ ತಂದು ಹೊರಗಿನವರಿಗೆ ಪರಿಚಯಿಸಿದ ಎ. ಕೆ. ರಾಮಾನುಜನ್ ತೀರಿಕೊಂಡದ್ದು 1993ರಲ್ಲಿ. ಅವರ ವಾಕ್ಯಗಳನ್ನು ನೀವು ಹಾಗೇ ಎತ್ತಿಕೊಳ್ಳುವಂತಿಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭದಲ್ಲೂ ಗುಡಿಗೆ ಬಂದು ಹರಟುವ ದೀಪದ ಕುಡಿಗಳಿವೆ. ಅಲ್ಲಿ ಕತೆ ಹುಡುಗಿಯಾಗುತ್ತದೆ, ಹಾಡು ಸೀರೆಯಾಗುತ್ತದೆ. ಅದು ಅವರು ಮಾಡಿಕೊಂಡ ಬದಲಾವಣೆ. ನಿಮ್ಮ ಚಿತ್ರದಲ್ಲಿ ಮೆಟ್ಟು ಮತ್ತು ಕೋಟು ಇದ್ದರೆ ನೀವು ಜನಪದದಿಂದ ತೆಗೆದುಕೊಂಡಿದ್ದೀರಿ, ಹುಡುಗಿ ಮತ್ತು ಸೀರೆ ಇದ್ದರೆ ಕಾರ್ನಾಡರಿಂದ ತೆಗೆದುಕೊಂಡಿದ್ದೀರಿ. ಈ ಗೆರೆ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಮೂಲ ಕತೆಯ ಒಂದೆರಡು ಪಾಠಗಳನ್ನು ಓದಿರಬೇಕು, ಸಾಧ್ಯವಾದರೆ ಯಾರದಾದರೂ ಬಾಯಿಂದ ಕೇಳಿರಬೇಕು. ಕೇಳಿದ ಮೇಲೆ ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದುಕೊಳ್ಳಿ. ಮುಂದಿನ ಕೆಲಸಕ್ಕೆಲ್ಲ ಆ ಪುಟವೇ ಆಧಾರ.

ಕತೆಯನ್ನು ಸೆಕೆಂಡಿಗೆ ಇಳಿಸುವುದು

ಒಂದು ಲೆಕ್ಕದಿಂದ ಶುರುಮಾಡೋಣ, ಆಸೆಗೆ ಲಗಾಮು ಹಾಕಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ. ನಾಲ್ಕು ನಿಮಿಷದ ಚಿತ್ರದಲ್ಲಿ ಹೆಸರುಗಳಿಗೆ 15 ಸೆಕೆಂಡು ಬಿಟ್ಟರೆ ಉಳಿಯುವುದು 225 ಸೆಕೆಂಡು, ಅಂದರೆ 2,700 ಚಿತ್ರ. ಒಬ್ಬರು ದಿನಕ್ಕೆ 25 ಚಿತ್ರ ಬರೆದರೆ 108 ದಿನ, ಅದೂ ಯಾವುದನ್ನೂ ತಿದ್ದದೆ, ಬಣ್ಣ ಹಚ್ಚದೆ. ನಿಂತ ಚಿತ್ರ, ಮರುಬಳಕೆಯ ಚಲನೆ ಎಲ್ಲ ಸೇರಿ ಇದು ಅರ್ಧಕ್ಕೆ ಇಳಿಯಬಹುದು. ಆದರೂ ‘ಇದೊಂದು ಚಿಕ್ಕ ದೃಶ್ಯ ಇರಲಿ’ ಎಂದು ಯಾರಾದರೂ ಅಂದಾಗಲೆಲ್ಲ ಆ ದೃಶ್ಯ ಎಷ್ಟು ದಿನದ ದುಡಿಮೆ ಎಂದು ಲೆಕ್ಕ ಹಾಕಿ ಹೇಳಿ. ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಈಗ ನೀವು ಬರೆದ ಪುಟದ ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಚೀಟಿಗೆ ಇಳಿಸಿ. ಒಂದೊಂದು ಚೀಟಿಯ ಮುಂದೆಯೂ ಒಂದೇ ಪ್ರಶ್ನೆ: ಇದು ಕಣ್ಣಿಗೆ ಕಾಣುವ ಸಂಗತಿಯೋ, ಹೇಳುವವರ ಮಾತೋ? ‘ಕೋಟಾಗಿ ಗೂಟಕ್ಕೆ ತೂಗಿಕೊಂಡಿತು’ ಕಾಣುತ್ತದೆ. ‘ಯಾರಿಗೂ ಹೇಳಲಿಲ್ಲ’ ಕಾಣುವುದಿಲ್ಲ. ಇಲ್ಲದ್ದನ್ನು ತೋರಿಸುವುದು ಹೇಗೆ? ಜನಪದ ಕತೆಯನ್ನು ಚಿತ್ರ ಮಾಡುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಕಾಣದ್ದು ಬಂದ ಕೂಡಲೇ ಹಿನ್ನೆಲೆ ದನಿಯ ಮೊರೆ ಹೋಗುತ್ತಾರೆ, ಅಜ್ಜಿಯ ದನಿಯಲ್ಲಿ ಕತೆಯೆಲ್ಲ ಹೇಳಿಸುತ್ತಾರೆ. ಆಮೇಲೆ ಚಿತ್ರಗಳಿಗೆ ಮಾಡಲು ಕೆಲಸ ಉಳಿಯುವುದಿಲ್ಲ, ಅಜ್ಜಿಯ ಮಾತಿಗೆ ತಾಳ ಹಾಕುತ್ತ ಕೂರುತ್ತವೆ.

ನಮಗೆ ಉತ್ತರ ಸಿಕ್ಕಿದ್ದು ಬೀಸುವ ಕಲ್ಲಿನಲ್ಲಿ. ಬೀಸುವಾಗ ಹೆಂಗಸರು ಹಾಡುವುದು ರೂಢಿ. ಎದುರು ಬದುರು ಕೂತು ಇಬ್ಬರು ಬೀಸುತ್ತಿದ್ದರೆ ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಮುಂದಕ್ಕೆ ಒಯ್ಯುತ್ತಾಳೆ. ನಮ್ಮ ಮೊದಲ ಶಾಟಿನಲ್ಲಿ ನೆರೆಮನೆಯವಳು ಸಾಲು ಎತ್ತಿ ಇವಳ ಮುಖ ನೋಡುತ್ತಾಳೆ. ಕಲ್ಲು ಒಂದು ಸುತ್ತು ತಿರುಗುತ್ತದೆ. ಇವಳ ತುಟಿ ಒಂದಿಷ್ಟು ಅಲುಗುತ್ತದೆ, ಗಂಟಲಲ್ಲಿ ಏನೋ ಮೇಲೆ ಬಂದು ಮತ್ತೆ ಇಳಿಯುತ್ತದೆ. ತುಟಿ ಬಿಗಿಯುತ್ತದೆ. ಕಲ್ಲು ಇನ್ನೊಂದು ಸುತ್ತು ತಿರುಗುತ್ತದೆ. ನೆರೆಯವಳು ಮುಂದಿನ ಸಾಲನ್ನೂ ತಾನೇ ಹಾಡಿಕೊಳ್ಳುತ್ತಾಳೆ. 25 ಸೆಕೆಂಡಿನಲ್ಲಿ ಮೂರು ವಿಷಯ ಬಂದವು: ಅವಳಿಗೆ ಹಾಡು ಗೊತ್ತು, ಅವಳು ಹಾಡುವುದಿಲ್ಲ, ಹಾಡಿಗೆ ಹೊರಬರುವ ಆಸೆ ಇದೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ಕತೆಯಲ್ಲಿ ಒಂದೇ ಸಂಗತಿ ಎರಡು ಸಲ ಬರುತ್ತದೆ. ಕತೆ ಮತ್ತು ಹಾಡು ಹೊರಬಂದದ್ದು ಕೇಳುಗರಿಗೆ ಮೊದಲೇ ಗೊತ್ತು. ಗುಡಿಯಲ್ಲಿ ತಡವಾಗಿ ಬಂದ ಕುಡಿ ಅದನ್ನೇ ಮತ್ತೆ ಹೇಳುತ್ತದೆ. ಬಾಯಿಂದ ಕೇಳುವಾಗ ಈ ಎರಡನೆಯ ಸಲವೇ ಸೊಗಸು, ಮಕ್ಕಳು ಜೊತೆಗೂಡಿ ಹೇಳುತ್ತಾರೆ. ತೆರೆಯ ಮೇಲೆ ಅದು 40 ಸೆಕೆಂಡು ಹೆಣಭಾರ.

ಇದನ್ನು ತಪ್ಪಿಸಲು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಹೊರಬರುವುದನ್ನು ಬಚ್ಚಿಡುವುದು. ನೇರ ಮೆಟ್ಟಿನಿಂದ ಶುರುಮಾಡಿ, ಗುಡಿಯಲ್ಲಿ ಗುಟ್ಟು ಒಡೆಯುವುದು. ನಾವೂ ಹಾಗೆ ಮಾಡಿ ನೋಡಿದೆವು. ಕಚ್ಚಾ ಜೋಡಣೆ ನೋಡಿದ ಐದು ಜನರಲ್ಲಿ ನಾಲ್ವರು ಜಗಳದ ಹೊತ್ತಿಗೆ ಗಂಡನ ಪಕ್ಷ ವಹಿಸಿದ್ದರು. ಒಬ್ಬರಂತೂ ‘ಅವನು ಅಟ್ಟದ ಮೇಲೆ ಅಡಗಿದ್ದಾನಾ?’ ಎಂದು ಕೇಳಿದರು. ಹೆಂಗಸಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು ಎಂಬ ಕಟ್ಟಿನ ಮೇಲೆ ಈ ಕತೆ ನಿಂತಿದೆ. ಬಚ್ಚಿಟ್ಟರೆ ಅದು ಪತ್ತೇದಾರಿ ಕತೆಯಾಗುತ್ತದೆ, ಅವಳು ಆರೋಪಿಯಾಗುತ್ತಾಳೆ.

ಹಾಗಾಗಿ ಹೊರಬರುವುದನ್ನು ಮೊದಲಿಗೇ ತೋರಿಸಿದೆವು, ಕುಡಿಯ ವರದಿಯನ್ನು 12 ಸೆಕೆಂಡಿಗೆ ಇಳಿಸಿದೆವು. ಮಾತಿಲ್ಲ. ತಡವಾಗಿ ಬಂದ ಕುಡಿ ಬಾಗಿ ಮೆಟ್ಟಿನ ಆಕಾರಕ್ಕೆ ಬರುತ್ತದೆ, ಚಪ್ಪಟೆಯಾಗಿ ಎರಡು ತೋಳು ಚಾಚಿ ಕೋಟಾಗುತ್ತದೆ, ಮತ್ತೆ ಕುಡಿಯಾಗುತ್ತದೆ. ಉಳಿದ ಕುಡಿಗಳು ನಗುತ್ತವೆ. ನೋಡುಗರಿಗೆ ಗೊತ್ತಿದ್ದದ್ದೇ ಆದರೂ ಬೆಂಕಿ ಕೋಟಾಗುವುದನ್ನು ನೋಡುವ ಹೊಸ ಸುಖ ಸಿಗುತ್ತದೆ. ಮರುಹೇಳಿಕೆ ಬಂದ ಕಡೆಯೆಲ್ಲ ಈ ಒಂದು ಉಪಾಯ ನೆನಪಿಡಿ: ವಿಷಯ ಅದೇ ಇರಲಿ, ಹೇಳುವ ಮೈ ಬೇರೆಯಾಗಲಿ.

ಕೊನೆಗೆ ಸಮಯದ ಹಂಚಿಕೆ ಹೀಗಾಯಿತು. ಬೀಸುವ ಕಲ್ಲು 25 ಸೆಕೆಂಡು, ಮಧ್ಯಾಹ್ನದ ನಿದ್ದೆ ಮತ್ತು ಹೊರಬರುವುದು 35, ಗಂಡ ಬಂದು ಜಗಳ 40, ಕಂಬಳಿ ಎತ್ತಿ ಹೋಗುವುದು ಮತ್ತು ದೀಪ ಆರಿಸುವುದು 25, ಗುಡಿ 55, ಬೆಳಗು 45. ಒಟ್ಟು 225. ಜಗಳಕ್ಕಿಂತ ಗುಡಿಗೆ, ಬೆಳಗಿಗೆ ಹೆಚ್ಚು ಕೊಟ್ಟಿರುವುದನ್ನು ಗಮನಿಸಿ. ಜಗಳ ಎಲ್ಲರ ಮನೆಯಲ್ಲೂ ಇದೆ, ಸೂಚನೆ ಸಾಕು.

ಮಾತು ಎಷ್ಟು

ನಮ್ಮ ಚಿತ್ರದಲ್ಲಿ ಎರಡೇ ಕಡೆ ಮಾತಿದೆ. ಸಂಜೆ ಬಾಗಿಲಲ್ಲಿ ಗಂಡ ‘ಯಾರ್ ಬಂದಾರ?’ ಎನ್ನುತ್ತಾನೆ. ಅವಳು ‘ಯಾರೂ ಇಲ್ರಿ’ ಎನ್ನುತ್ತಾಳೆ. ‘ಮತ್ತ ಈ ಕಾಲ್ಮರಿ ಯಾರ್ವು?’ ‘ನಂಗೊತ್ತಿಲ್ರಿ.’ ಜಗಳ ಏರಿದ ಮೇಲೆ ಮಾತು ಕೇಳುವುದಿಲ್ಲ, ಗೋಡೆಯ ಮೇಲೆ ನೆರಳುಗಳ ಕೈ ಮಾತ್ರ ಆಡುತ್ತವೆ. ಬೆಳಗಿನ ಮಾತು ಇನ್ನೊಂದು, ಅದರ ವಿಚಾರ ಕೊನೆಗೆ.

ಕತೆಯನ್ನು ಉತ್ತರ ಕರ್ನಾಟಕದ ಮನೆಯಲ್ಲಿಟ್ಟೆವು ಅಂದ ಮೇಲೆ ಮಾತೂ ಅಲ್ಲಿನದೇ ಆಗಬೇಕಿತ್ತು. ದನಿ ಕೊಡುವವರು ಸಿಗುವ ಮುಂಚೆ ನಾವೇ ಫೋನಿನಲ್ಲಿ ಕಚ್ಚಾ ದನಿ ಮುದ್ರಿಸಿಕೊಂಡು ಕಾಲಾವಧಿ ಕಟ್ಟಿದ್ದೆವು. ಮೈಸೂರಿನ ನಾಲಿಗೆಯಲ್ಲಿ ‘ನನಗೆ ಗೊತ್ತಿಲ್ಲ’ಕ್ಕೆ ಹಿಡಿದಷ್ಟು ಹೊತ್ತು ‘ನಂಗೊತ್ತಿಲ್ರಿ’ಗೆ ಬೇಕಿರಲಿಲ್ಲ, ಬಾಯಿಯ ಚಲನೆ ಮತ್ತೆ ಬರೆಯಬೇಕಾಯಿತು. ಆಡುವ ನುಡಿ ಯಾವುದೆಂದು ಮೊದಲೇ ಗೊತ್ತಿದ್ದರೆ ಕಚ್ಚಾ ದನಿಯನ್ನೂ ಅದೇ ನುಡಿಯವರಿಂದ ತೆಗೆದುಕೊಳ್ಳಿ.

ಚಿತ್ರದ ಗುರುತುಗಳು: ಮೂರೇ ಸಾಕು

ಜನಪದ ಕತೆ ಎಂದ ಕೂಡಲೇ ಕೈ ತಾನಾಗಿ ಗಿಳಿ, ನವಿಲು, ಗೋಪುರ ಬರೆಯತೊಡಗುತ್ತದೆ. ನಮ್ಮಲ್ಲೂ ಒಬ್ಬರು ಚೌಕಟ್ಟಿಗೆಲ್ಲ ಚಿತ್ತಾರ ಹಾಕೋಣ ಎಂದರು. ಚಿತ್ತಾರ ಮಲೆನಾಡಿನ ದೀವರ ಮನೆಯ ಗೋಡೆಯದು, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಗೆರೆ, ಮದುವೆಯಂಥ ಶುಭಕಾರ್ಯಕ್ಕೆ ಹೆಂಗಸರು ಬರೆಯುವಂಥದ್ದು. ಚೆಂದ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಮನೆ ಇರುವುದು ಬಯಲುಸೀಮೆಯಲ್ಲಿ, ಮಾತು ಧಾರವಾಡದ ಕಡೆಯದು, ಅಲ್ಲಿ ಅದು ಬಾಡಿಗೆಯ ಒಡವೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಚಿತ್ತಾರಕ್ಕೆ ಈ ಕತೆಯಲ್ಲಿ ಮಾಡಲು ಏನೂ ಇಲ್ಲ.

ಗುರುತು ಆರಿಸುವಾಗ ನಾವು ಇಟ್ಟುಕೊಂಡ ಪರೀಕ್ಷೆ ಇಷ್ಟೇ: ಅದು ಚಿತ್ರದಲ್ಲಿ ಕನಿಷ್ಠ ಮೂರು ಸಲ ಬರಬೇಕು, ಪ್ರತಿಸಲ ಬೇರೆ ಕೆಲಸ ಮಾಡಬೇಕು. ಈ ಪರೀಕ್ಷೆಯಲ್ಲಿ ಗೆದ್ದದ್ದು ಎಳೆ, ದೀಪ, ಗೂಟ.

ಎಳೆ ನಮ್ಮ ನುಡಿಯಲ್ಲೇ ಇತ್ತು. ಕತೆಗೆ ಎಳೆ ಇರುತ್ತದೆ ಅನ್ನುತ್ತೇವಲ್ಲ, ಅದನ್ನೇ ಅಕ್ಷರಶಃ ಹಿಡಿದೆವು. ಇದಕ್ಕೂ ಮುಂಚೆ ಕತೆಯನ್ನು ಬಾಯಿಂದ ಹೊರಬರುವ ಕಪ್ಪು ಮುದ್ದೆಯಂತೆ ಬರೆದಿದ್ದೆವು. ನೋಡಿದವರು ‘ದೆವ್ವ ಬಿಟ್ಟಿತಾ?’ ಅಂದರು, ಒಬ್ಬರು ವಾಂತಿ ಅಂದರು. ಬಾಯಿಂದ ಏನೇ ಹೊರಬಂದರೂ ನೋಡುಗರ ಮನಸ್ಸು ಮೊದಲು ಹೋಗುವುದು ಅಲ್ಲಿಗೇ.

ಆ ದೃಶ್ಯ ಈಗ ಹೀಗಿದೆ. ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದಿದೆ, ದೂಳು ತೇಲುತ್ತಿದೆ. ಅವಳು ಗೋಡೆಗೆ ತಲೆಯಾನಿಸಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ. ಉಸಿರಿಗೆ ದೂಳು ಒಳಕ್ಕೆ ಹೊರಕ್ಕೆ ಆಡುತ್ತದೆ. ಎರಡು ಉಸಿರು ಹಾಗೇ. ಮೂರನೆಯ ಉಸಿರಿಗೆ ದೂಳಿನ ಒಂದು ಸಾಲು ಹೊರಗೆ ಹೋದದ್ದು ವಾಪಸು ಬರುವುದಿಲ್ಲ. ಅದು ಬಿಸಿಲುಕೋಲಿನಲ್ಲಿ ಅರಿಸಿನ ಬಣ್ಣಕ್ಕೆ ತಿರುಗಿ ಎಳೆಯಾಗುತ್ತದೆ, ನೆಲಕ್ಕಿಳಿದು ಹೊಸ್ತಿಲು ದಾಟುತ್ತದೆ. ಹೊಸ್ತಿಲಾಚೆ ಏನಾಗುತ್ತದೆ ಎಂದು ನಾವು ತೋರಿಸುವುದಿಲ್ಲ, ಹೊಲಿಗೆಯ ಸದ್ದು ಮಾತ್ರ ಕೇಳಿಸುತ್ತದೆ, ದಬ್ಬಣ ಚರ್ಮ ತೂರುವ ಸದ್ದು. ಆಮೇಲೆ ಮೆಟ್ಟು. ಹಾಡಿನ ಎಳೆ ಗೋಡೆ ಹತ್ತಿ ಗೂಟದ ಮೇಲೆ ತನ್ನನ್ನೇ ನೇಯ್ದುಕೊಳ್ಳುತ್ತದೆ. ಮೂರು ಉಸಿರಿಗೆ 9 ಸೆಕೆಂಡು ಕೊಟ್ಟೆವು, ಅಷ್ಟು ಹೊತ್ತಿನಲ್ಲಿ ಅಲುಗುವುದು ದೂಳು ಮಾತ್ರ. ಕಡಿಮೆ ಚಿತ್ರ, ಹೆಚ್ಚು ಗಮನ.

ಎಳೆಯ ಜೊತೆ ಬಣ್ಣದ ಕಟ್ಟಳೆಯೂ ಬಂತು. ಇಡೀ ಚಿತ್ರ ಮಣ್ಣು, ಮಸಿ, ಸುಣ್ಣದ ಬಣ್ಣಗಳಲ್ಲಿದೆ. ಅರಿಸಿನ ಇರುವುದು ಎಳೆ, ಮೆಟ್ಟು, ಕೋಟು, ದೀಪದ ಕುಡಿ ಇಷ್ಟರಲ್ಲೇ. ಕೋಟು ಅವಳೊಳಗಿಂದ ಬಂದದ್ದು, ಕುಡಿಗೆ ಅದರ ಗುಟ್ಟು ಗೊತ್ತು ಎಂಬುದನ್ನು ಯಾರೂ ಹೇಳಬೇಕಿಲ್ಲ. ಇಂಥ ಕಟ್ಟಳೆ ಮಾಡಿದಿರೋ, ಮುರಿಯಬೇಡಿ. ಹಿನ್ನೆಲೆ ಬರೆದವರು ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿದ್ದರು. ಎರಡು ದಿನ ಅದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ, ಆದರೆ ನೋಡುಗರು ಆ ತೋರಣವನ್ನೇ ನೋಡುತ್ತಿದ್ದರು.

ದೀಪ ಹೊರಟುಹೋದರೆ ಕೋಣೆ ಕಾಣುವುದು ಹೇಗೆ?

ಗುಡಿಯ ದೃಶ್ಯ ಈ ಕತೆಯ ತಿರುಳು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕುಡಿ ಪಾತ್ರವೂ ಹೌದು, ಬೆಳಕೂ ಹೌದು. ಅವಳು ಊದಿದಾಗ ಕುಡಿ ಬತ್ತಿಯಿಂದ ಜಿಗಿದು ಕಿಟಕಿಯ ಕಡೆ ನಡೆಯುತ್ತದೆ, ಅದರ ಜೊತೆಗೇ ಬೆಳಕೂ ಹೋಗುತ್ತದೆ. ಮೊದಲು ಇದು ಸಮಸ್ಯೆ ಅನಿಸಿತು, ಆಮೇಲೆ ಇದೇ ನಮ್ಮ ದಾರಿಯಾಯಿತು. ಕುಡಿ ಎಲ್ಲಿದೆಯೋ ಅಲ್ಲಿ ಮಾತ್ರ ಬರೆಯಿರಿ, ಉಳಿದದ್ದು ಕತ್ತಲು. ಮಲಗಿದ ಹೆಂಗಸಿನ ಕೆನ್ನೆ, ಕೋಟಿನ ಅಂಚು, ಕಿಟಕಿಯ ಸರಳು, ಓಣಿಯ ಕಲ್ಲು ಹೀಗೆ ಒಂದೊಂದೇ ಹೊಳೆದು ಮಾಯವಾಗುತ್ತವೆ. ತೊಗಲುಗೊಂಬೆಯಾಟ ನೋಡಿದವರಿಗೆ ಈ ಅನುಭವ ಗೊತ್ತು. ದೀಪ ಪರದೆಯ ಹಿಂದಿರುತ್ತದೆ, ಗೊಂಬೆಯ ಚರ್ಮದೊಳಗಿಂದ ಬಣ್ಣ ಹೊಳೆಯುತ್ತದೆ, ಪರದೆಯಿಂದ ದೂರ ಸರಿದರೆ ರೂಪ ಮಸುಕಾಗುತ್ತದೆ. ನಮ್ಮ ಜನರ ಅಂಚುಗಳನ್ನೆಲ್ಲ ಅದೇ ರೀತಿ ಬರೆದೆವು.

ಕುಡಿಗಳಿಗೆ ಕಣ್ಣು ಬಾಯಿ ಇಡಬೇಡಿ. ಇಟ್ಟರೆ ಮಕ್ಕಳ ಜಾಹೀರಾತಾಗುತ್ತದೆ. ಕೇಳುವಾಗ ಬಾಗುತ್ತವೆ, ಹೇಳುವಾಗ ನಿಮಿರುತ್ತವೆ, ನಗುವಾಗ ಕಿಡಿ ಹಾರಿಸುತ್ತವೆ, ಇಷ್ಟು ಸಾಕು. ಒಂದೊಂದರ ಸ್ವಭಾವವನ್ನು ಅದು ಬಂದ ದೀಪದಿಂದಲೇ ತೆಗೆಯಿರಿ. ದೊಡ್ಡಮನೆಯ ಲಾಟೀನಿನದು ಗಾಳಿ ಕಾಣದ್ದು, ಅಲ್ಲಾಡದೆ ನಿಂತಿರುತ್ತದೆ. ಬುಡ್ಡಿದೀಪದ್ದು ಮಸಿ ಕಾರುತ್ತ ಮಾತಿನ ಮಧ್ಯೆ ಕೆಮ್ಮುತ್ತದೆ. ಹಣತೆಯದು ಗಿಡ್ಡ. ಕೆಲವರು ಈ ಕತೆಯನ್ನು ಇವತ್ತಿನ ಕಾಲಕ್ಕೆ ತರೋಣ ಎನ್ನುತ್ತಾರೆ. ಟ್ಯೂಬ್‌ಲೈಟ್ ಎದ್ದು ಗುಡಿಗೆ ಹೋಗುವುದನ್ನು ನಾನಂತೂ ಊಹಿಸಲಾರೆ.

ಉರಿಯ ಚಲನೆಗೆ 8 ಚಿತ್ರದ ಒಂದು ಸುತ್ತು ಸಾಕು, ಎರಡೆರಡು ಫ್ರೇಮಿನಂತೆ 16 ಫ್ರೇಮು. ಆದರೆ ಅದನ್ನು ಹಾಗೇ ತಿರುಗಿಸಿದರೆ ಐದು ಸೆಕೆಂಡಿನಲ್ಲಿ ಕಣ್ಣು ಮೋಸ ಹಿಡಿಯುತ್ತದೆ, ಯಂತ್ರದ ಹಾಗೆ ಕಾಣುತ್ತದೆ. ನಾವು ಮೂರು ಸುತ್ತುಗಳನ್ನು ಬರೆದು ಒಂಬತ್ತು ಕುಡಿಗಳಿಗೆ ಹಂಚಿದೆವು, ಒಂದೊಂದನ್ನೂ ಬೇರೆ ಚಿತ್ರದಿಂದ ಶುರುಮಾಡಿದೆವು, ನಡುವೆ ಕ್ರಮವನ್ನೂ ಕಲಸಿದೆವು. ಸರಿಯಾಯಿತೋ ಇಲ್ಲವೋ ತಿಳಿಯಬೇಕಾದರೆ ಸದ್ದು ತೆಗೆದು, ಪರದೆಯನ್ನು ಓರೆಗಣ್ಣಲ್ಲಿ ನೋಡಿ. ತಾಳ ಕಾಣಿಸಿದರೆ ಇನ್ನೂ ಆಗಿಲ್ಲ.

ಗಂಡ ಕೇಳಿಸಿಕೊಳ್ಳುವುದನ್ನು ತೋರಿಸಲು ಕಂಬಳಿ ನೆರವಿಗೆ ಬಂತು. ಕ್ಯಾಮರಾ ಕಂಬಳಿಯೊಳಗೇ ಇದೆ. ಹಳೆಯ ಕಂಬಳಿಯ ನೇಯ್ಗೆಯ ಸಂದಿನಿಂದ ಅರಿಸಿನ ಚುಕ್ಕೆಗಳು ಕಾಣುತ್ತವೆ, ಅವನ ಒಂದು ಕಣ್ಣು ತೆರೆಯುತ್ತದೆ. ಕುಡಿಗಳು ಚೆದುರಿದಾಗ ಚುಕ್ಕೆಗಳು ಒಂದೊಂದಾಗಿ ಆರುತ್ತವೆ. 55 ಸೆಕೆಂಡಿನಲ್ಲಿ 20 ಸೆಕೆಂಡು ಬರೀ ಚುಕ್ಕೆ ಮತ್ತು ಒಂದು ಕಣ್ಣು. ದುಡಿಮೆ ಉಳಿಯಿತು, ಅವನ ಏಕಾಂತವೂ ಸಿಕ್ಕಿತು.

ಬಣ್ಣ ಹಚ್ಚುವ ಮುಂಚೆ ಜೋಡಿಸಿ ನೋಡಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿರ್ಧಾರವಾಗಬೇಕಾದದ್ದು ಅನಿಮ್ಯಾಟಿಕ್‌ನಲ್ಲಿ. ಸ್ಟೋರಿಬೋರ್ಡಿನ ಕಚ್ಚಾ ಚಿತ್ರಗಳನ್ನು ನಿಜವಾದ ಕಾಲಾವಧಿಗೆ ಜೋಡಿಸಿ, ಕಚ್ಚಾ ದನಿ ಮತ್ತು ಸದ್ದು ಸೇರಿಸಿದ ಚಿತ್ರ ಅದು. ಬ್ಲೆಂಡರ್ ಎಂಬ ತಂತ್ರಾಂಶ ಇದ್ದರೆ ಬರೆಯುವುದು, ಜೋಡಿಸುವುದು ಎರಡೂ ಒಂದರಲ್ಲೇ ಆಗುತ್ತವೆ, ದುಡ್ಡೂ ಬೇಡ. ನಮ್ಮದರಲ್ಲಿ 46 ಶಾಟುಗಳಿದ್ದವು, ಹೆಚ್ಚುಕಡಿಮೆ ಐದು ಸೆಕೆಂಡಿಗೊಂದು.

ಕತೆ ಗೊತ್ತಿಲ್ಲದ ಐದು ಜನರಿಗೆ ತೋರಿಸಿ. ಮುಂಚೆ ಏನೂ ಹೇಳಬೇಡಿ. ಮುಗಿದ ಮೇಲೆ ‘ಹೇಗಿತ್ತು’ ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ‘ಏನಾಯಿತು ಹೇಳಿ’ ಎಂದು ಕೇಳಿ, ಅವರ ಮಾತಿನಲ್ಲೇ ಕತೆ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಚಿತ್ರ ಸೋತಿದೆ. ನಮ್ಮವರು ಎಲ್ಲರೂ ತಡವರಿಸಿದ್ದು ಒಂದೇ ಕಡೆ. ಕೋಟು ಹಾಡು ಎಂದು ಯಾರಿಗೂ ತಿಳಿದಿರಲಿಲ್ಲ, ಎರಡೂ ಕತೆಯೇ ಎಂದುಕೊಂಡಿದ್ದರು. ಅದಕ್ಕೆ ಮದ್ದು ಚಿತ್ರದಲ್ಲಿ ಸಿಗಲಿಲ್ಲ, ಸದ್ದಿನಲ್ಲಿ ಸಿಕ್ಕಿತು. ಬೀಸುವ ಕಲ್ಲಿನ ಬಳಿ ಅವಳ ಗಂಟಲಲ್ಲಿ ಮೇಲೆ ಬಂದು ಇಳಿಯುವಾಗ ನಾಲ್ಕು ಸ್ವರದ ಒಂದು ತುಣುಕು ಇಟ್ಟೆವು. ಕೋಟು ಚೌಕಟ್ಟಿನೊಳಗೆ ಬಂದಾಗಲೆಲ್ಲ ಅದೇ ತುಣುಕು, ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಮರುಸಲ ತೋರಿಸಿದಾಗ ಐದರಲ್ಲಿ ನಾಲ್ವರು ‘ಹಾಡು ಕೋಟಾಯ್ತು’ ಅಂದರು.

ಕೊನೆ

ಜನಪದ ಕತೆಯ ಕೊನೆ ಗಟ್ಟಿಯಾಗಿದೆ, ಆದರೆ ಗಿಡ್ಡ. ‘ಯಾವ ಕತೆ, ಯಾವ ಹಾಡು?’ ಎಂದು ಹೇಳಿದವರು ಸುಮ್ಮನಾಗಿಬಿಡುತ್ತಾರೆ. ಆಮೇಲಿನ ಮೌನ ಹೇಳಿದವರದ್ದು, ಅವರ ಮುಖ ನಮ್ಮ ಎದುರಿಗಿರುತ್ತದೆ. ಚಿತ್ರದಲ್ಲಿ ಆ ಮುಖವಿಲ್ಲ. ಸಾಲು ಮುಗಿದ ಕೂಡಲೇ ತೆರೆ ಕಪ್ಪಾದರೆ ನೋಡುಗರು ಏನೋ ಕಡಿಮೆಯಾಯಿತು, ಫೈಲ್ ಅರ್ಧಕ್ಕೆ ನಿಂತಿತೇನೋ ಎಂದುಕೊಳ್ಳುತ್ತಾರೆ. ನಮ್ಮ ಮೊದಲ ಜೋಡಣೆಯಲ್ಲಿ ಹಾಗೇ ಆಯಿತು.

ಈ ಕೊನೆಯಲ್ಲಿ ಎರಡು ಸಂಗತಿಗಳಿವೆ. ಸಂಶಯ ತೀರಿತು, ಕತೆ ಕಳೆಯಿತು. ಮೊದಲನೆಯದು ನೆಮ್ಮದಿ, ಎರಡನೆಯದು ನಷ್ಟ. ಯಾವುದರ ಮೇಲೆ ಚಿತ್ರ ನಿಲ್ಲಬೇಕು ಎಂಬುದು ನಿಮ್ಮ ತೀರ್ಮಾನ, ಆದರೆ ಎರಡನ್ನೂ ಒಂದೇ ಶಾಟಿಗೆ ತುಂಬಬೇಡಿ. ನೆಮ್ಮದಿಯನ್ನು ಗುಡಿಯಲ್ಲೇ, ಕಂಬಳಿಯೊಳಗಿನ ಕಣ್ಣಿನಲ್ಲೇ ಮುಗಿಸಿ. ಬೆಳಗು ನಷ್ಟಕ್ಕೆ ಮೀಸಲಿರಲಿ.

ಅವಳಿಗೆ ನೆನಪಾಗಿಬಿಡುವ, ಮೆಲ್ಲಗೆ ಗುನುಗುವ ಕೊನೆಯೊಂದನ್ನು ನಾವು ಬರೆದೆವು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಕಣ್ಣಲ್ಲಿ ನೀರೂ ಬಂತು. ಆದರೆ ನೆನಪಾದರೆ ಬಚ್ಚಿಟ್ಟದ್ದಕ್ಕೆ ಬೆಲೆಯೇ ಇಲ್ಲವಾಗುತ್ತದೆ, ಕಳೆದದ್ದು ಸಂಜೆಯೊಳಗೆ ಸಿಗುವ ಕೊಡೆಯಂತಾಗುತ್ತದೆ. ಅದನ್ನು ಬಿಟ್ಟೆವು. ಕತೆಗಳನ್ನು ಹೇಳಿ ಎಂಬ ಸಾಲೊಂದನ್ನು ತೆರೆಯ ಮೇಲೆ ಹಾಕುವ ಸಲಹೆಯೂ ಬಂತು, ಚರ್ಚೆ ಮಾಡದೆ ಬಿಟ್ಟೆವು.

ಬಿಡಲು ಕಷ್ಟವಾದದ್ದು ಮೂರನೆಯದು. ಈಗ ಗಂಡನ ಬಳಿ ಒಂದು ಕತೆ ಇದೆಯಲ್ಲ, ಕುಡಿಗಳ ಕತೆ. ಯಾರಿಗೆ ಹೇಳಿದರೂ ನಂಬುವುದಿಲ್ಲ ಎಂದು ಅವನೂ ಬಾಯಿ ಮುಚ್ಚುತ್ತಾನೆ, ಮಧ್ಯಾಹ್ನ ಬಾಯಿ ತೆರೆದು ಮಲಗುತ್ತಾನೆ, ದೂಳು ಅಲುಗುತ್ತದೆ. ತೋರಿಸಿದ ಕಡೆಯೆಲ್ಲ ಜನ ನಕ್ಕರು. ಆದರೆ ‘ಏನಾಯಿತು ಹೇಳಿ’ ಎಂದಾಗ ಕೊನೆಯಲ್ಲಿ ಅವಳ ಹೆಸರೇ ಬರುತ್ತಿರಲಿಲ್ಲ, ಎಲ್ಲರೂ ಗಂಡನಿಂದ ಮುಗಿಸುತ್ತಿದ್ದರು. ಒಂದು ನಗುವಿಗೆ ಅವಳ ಚಿತ್ರವನ್ನು ಅವನಿಗೆ ಕೊಟ್ಟಂತಾಗಿತ್ತು.

ಕೊನೆಗೆ ನೆರವಾದದ್ದು ಮೂಲ ಕತೆ ಹೇಳದೆ ಬಿಟ್ಟ ಒಂದು ವಿಷಯ. ಮೆಟ್ಟು, ಕೋಟು ಏನಾದವು? ಕತೆ ಹೇಳುವುದಿಲ್ಲ. ಇಂಥ ಖಾಲಿ ಜಾಗ ಸಿಕ್ಕರೆ ನಿಮ್ಮ ಕೊನೆ ಅಲ್ಲಿದೆ. ಇರುವುದನ್ನು ಬದಲಿಸದೆ, ಇಲ್ಲದಲ್ಲಿ ಮಾತ್ರ ಕೈ ಹಾಕಬಹುದು.

ನಮ್ಮ ಬೆಳಗು ಹೀಗಿದೆ. ದೀಪವಿಲ್ಲ, ಬಿಳಿ ಬೆಳಕು, ನೆರಳಿಲ್ಲ. ಅವಳು ಒಲೆಯ ಮುಂದಿದ್ದಾಳೆ, ಗಡಿಗೆಯಲ್ಲಿ ಅಂಬಲಿ ಕುದಿಯುತ್ತಿದೆ. ಗಂಡ ಓಡಿಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ, ಕೇಳುತ್ತಾನೆ. ಅವನ ಮಾತು ನಮಗೆ ಕೇಳುವುದಿಲ್ಲ, ಕುದಿಯುವ ಸದ್ದಿನಲ್ಲಿ ಮುಳುಗಿರುತ್ತದೆ. ಅವಳು ತಿರುಗುತ್ತಾಳೆ. ‘ಯಾವ ಕತಿರಿ? ಯಾವ ಹಾಡ್ರಿ?’ ಮುಖದಲ್ಲಿ ಕಪಟವಿಲ್ಲ, ದುಃಖವೂ ಇಲ್ಲ. ಈ ಮುಖ ಬರೆಯುವುದಕ್ಕೇ ಎಂಟು ಸಲ ತಿದ್ದಿದೆವು, ಹುಬ್ಬು ಒಂದು ಕೂದಲೆಳೆ ಮೇಲೇರಿದರೂ ಅವಳಿಗೆ ಏನೋ ಗೊತ್ತಿದೆ ಅನಿಸುತ್ತಿತ್ತು. ಗಡಿಗೆ ಉಕ್ಕುತ್ತದೆ. ಅವಳು ಕೈಗೆ ಸಿಕ್ಕ ಬಟ್ಟೆಗಾಗಿ ಅತ್ತಿತ್ತ ನೋಡಿ, ಗೂಟದಿಂದ ಕೋಟನ್ನು ಎಳೆದು, ಮಡಿಸಿ, ಅದರಿಂದ ಗಡಿಗೆ ಹಿಡಿದು ಕೆಳಗಿಳಿಸುತ್ತಾಳೆ. ಹಾಡು ಮಸಿಬಟ್ಟೆಯಾಯಿತು. ಅರಿಸಿನ ಬಣ್ಣಕ್ಕೆ ಮಸಿ ಹತ್ತುತ್ತದೆ.

ಕೋಟು ಗೂಟದಿಂದ ಇಳಿಯುವ ಫ್ರೇಮಿನಲ್ಲಿ ಆ ನಾಲ್ಕು ಸ್ವರದ ತುಣುಕು ನಿಲ್ಲುತ್ತದೆ. ಮೂರನೆಯ ಸ್ವರದಲ್ಲೇ ನಿಲ್ಲಿಸಿ, ನಾಲ್ಕನೆಯದು ಬರಬಾರದು. ಅಷ್ಟು ಹೊತ್ತು ಅದು ಕೇಳಿಸುತ್ತಿತ್ತು ಎಂದು ನೋಡುಗರಿಗೆ ಅರಿವಾಗುವುದೇ ಅದು ನಿಂತಾಗ. ಆಮೇಲೆ ಖಾಲಿ ಗೂಟದ ಮೇಲೆ 6 ಸೆಕೆಂಡು. ಮೊದಲು 3 ಸೆಕೆಂಡು ಇಟ್ಟಿದ್ದೆವು, ಜನ ಇನ್ನೂ ಗಡಿಗೆಯನ್ನೇ ನೋಡುತ್ತಿದ್ದರು. 10 ಇಟ್ಟಾಗ ಕೆಮ್ಮಲು ಶುರುಮಾಡಿದರು.

ಹೆಸರುಗಳು ಬರುವಾಗ ಸಂಗೀತ ಹಾಕಲಿಲ್ಲ. ಬೀಸುವ ಕಲ್ಲಿನ ಸದ್ದು ಹಾಕಿದೆವು, ನೆರೆಯವಳು ಸಾಲು ಎತ್ತುತ್ತಾಳೆ, ಕಲ್ಲು ಒಂದು ಸುತ್ತು ತಿರುಗುತ್ತದೆ.